ಮುಗಿಸಿದ ಕೆಲಸದ ಕೇಸ್ ಸ್ಟಡಿ ಪ್ರಕಟಿಸಲು ಗ್ರಾಹಕರ ಒಪ್ಪಿಗೆ ಪಡೆಯುವುದು ಹೇಗೆ?

ಸಣ್ಣ ಕಂಟ್ರಾಕ್ಟರುಗಳು, ಸರ್ವಿಸ್ ಎಂಜಿನಿಯರುಗಳು, ಸ್ವಂತವಾಗಿ ಕೆಲಸ ಹಿಡಿಯುವ ಕನ್ಸಲ್ಟೆಂಟುಗಳು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಕೆಲಸ ಚೆನ್ನಾಗಿ ಮುಗೀತು. ಪಾರ್ಟಿಯವರೂ ಖುಷಿಯಾಗಿದಾರೆ. ಇದರ ಮೇಲೊಂದು ಕೇಸ್ ಸ್ಟಡಿ ಬರೆದು ಹಾಕ್ತೀನಿ ಅಂದ್ರೆ 'ನೋಡೋಣ' ಅಂತಾರೆ. ಆಮೇಲೆ ಮಾತೇ ಇಲ್ಲ. ಏನು ಮಾಡಲಿ?"

ಕೇಸ್ ಸ್ಟಡಿ ಎಂದರೆ ಸಮಸ್ಯೆ ಏನಿತ್ತು, ನೀವು ಏನು ಮಾಡಿದಿರಿ, ಫಲ ಎಷ್ಟು ಸಿಕ್ಕಿತು ಎಂಬುದನ್ನು ಅಳತೆ ಮತ್ತು ಫೋಟೊ ಸಮೇತ ಹೇಳುವ ಎರಡು ಮೂರು ಪುಟದ ಬರಹ. ನಿಮ್ಮ ಮುಂದಿನ ಗಿರಾಕಿ ಅದನ್ನು ಓದಿ ನಿಮ್ಮನ್ನು ನಂಬುತ್ತಾನೆ. ಆದರೆ ಅದೇ ಬರಹವನ್ನು ಈಗಿನ ಗ್ರಾಹಕರ ಗಿರಾಕಿಗಳೂ ಪ್ರತಿಸ್ಪರ್ಧಿಗಳೂ ಓದುತ್ತಾರೆ. "ನೋಡೋಣ" ಎನ್ನುವ ಮಾತಿನ ಹಿಂದೆ ಬಹಳ ಸಲ ಇರುವುದು ಈ ಅಳುಕು. ಯಾರು ಓದಿದರೆ ಅವರಿಗೆ ತೊಂದರೆ ಎಂಬುದನ್ನು ಅವರಿಗಿಂತ ಮೊದಲು ನೀವು ಯೋಚಿಸಿ, ಅದಕ್ಕೆ ಉತ್ತರ ಇಟ್ಟುಕೊಂಡು ಹೋಗಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ.

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನ ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ಮಾಡುವ ಮಧ್ಯಮ ಗಾತ್ರದ ಫ್ಯಾಕ್ಟರಿ. ಅಲ್ಲಿ 37 ಕಿಲೋವ್ಯಾಟಿನ ಸ್ಕ್ರೂ ಕಂಪ್ರೆಸರ್ ಇದೆ. ಒತ್ತಿದ ಗಾಳಿಯ ಪೈಪ್‌ಲೈನಿನಲ್ಲಿ ಸೋರಿಕೆ ಹುಡುಕಿ ನಿಲ್ಲಿಸುವುದು ನೀವು ಮಾಡಿದ ಕೆಲಸ. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗಲೆಂದು ದುಂಡಗೆ ಮಾಡಿದ್ದೇನೆ. ನಿಮ್ಮದು ಸಾಫ್ಟ್‌ವೇರ್ ಆಗಿರಲಿ, ಒಳಾಂಗಣ ವಿನ್ಯಾಸವಾಗಿರಲಿ, ಹಂತಗಳು ಇವೇ.

ಮೊದಲು ಕೈಗೆ ಬೇಕಾದದ್ದು

ಆ ಕೆಲಸದ ಪರ್ಚೇಸ್ ಆರ್ಡರ್ (ಪಿಒ) ಮತ್ತು ಅದರ ಹಿಂಬದಿಯ ಷರತ್ತುಗಳು. ಸಹಿ ಹಾಕಿದ್ದರೆ ಎನ್‌ಡಿಎ, ಅಂದರೆ ಗುಟ್ಟು ಕಾಪಾಡುತ್ತೇವೆಂಬ ಒಪ್ಪಂದ. ಕೆಲಸ ಮುಗಿದ ಬಗ್ಗೆ ಅವರು ಸಹಿ ಮಾಡಿಕೊಟ್ಟ ಕಂಪ್ಲೀಶನ್ ರಿಪೋರ್ಟ್. ಕೆಲಸಕ್ಕೆ ಮೊದಲಿನ ಮತ್ತು ನಂತರದ ರೀಡಿಂಗುಗಳು, ತಾರೀಖಿನ ಸಮೇತ. ತೆಗೆದ ಫೋಟೊಗಳೆಲ್ಲ. ಇವಿಷ್ಟನ್ನು ಒಂದೇ ಫೋಲ್ಡರಿಗೆ ಹಾಕಿಕೊಳ್ಳಿ. ಇವು ಸಿಗದಿದ್ದರೆ ಅನುಮತಿ ಕೇಳುವ ಮಾತು ಆಮೇಲೆ, ಮೊದಲು ಇವನ್ನು ಹುಡುಕಿ.

ಹಂತ 1: ಹಳೆಯ ಕಾಗದಗಳನ್ನು ಓದಿ

ಪಿಒ ಬಂದ ದಿನ ನಾವು ನೋಡುವುದು ಮೊತ್ತ, ಡೆಲಿವರಿ ತಾರೀಖು, ಪೇಮೆಂಟಿನ ಗಡುವು. ಹಿಂಬದಿಯ ಸಣ್ಣ ಅಕ್ಷರಗಳನ್ನು ಯಾರೂ ಓದುವುದಿಲ್ಲ. ಈಗ ಓದಬೇಕು. ಅಲ್ಲಿ ಎರಡು ಷರತ್ತುಗಳನ್ನು ಹುಡುಕಿ.

ಒಂದು ಗೋಪ್ಯತೆಯ ಷರತ್ತು. ಕೆಲಸದ ವೇಳೆ ನಿಮಗೆ ತಿಳಿದ ಮಾಹಿತಿಯನ್ನು ಹೊರಗೆ ಹೇಳಬಾರದು ಎನ್ನುವುದು ಇದು. ಕೆಲಸ ಮುಗಿದ ಮೇಲೂ ಇಷ್ಟು ವರ್ಷ ಜಾರಿಯಲ್ಲಿರುತ್ತದೆ ಎಂದು ಹಲವು ಕಡೆ ಬರೆದಿರುತ್ತದೆ, ಆ ಅವಧಿಯನ್ನು ಗುರುತು ಹಾಕಿಕೊಳ್ಳಿ. ಇನ್ನೊಂದು ಪ್ರಚಾರದ ಷರತ್ತು. ಲಿಖಿತ ಒಪ್ಪಿಗೆ ಇಲ್ಲದೆ ಕಂಪನಿಯ ಹೆಸರು, ಲೋಗೊ ಬಳಸಬಾರದು ಎಂದು ಅದರಲ್ಲಿ ಇರುತ್ತದೆ. ಇದು ಕಂಡರೆ ಗಾಬರಿ ಬೇಡ. "ಲಿಖಿತ ಒಪ್ಪಿಗೆ ಇಲ್ಲದೆ" ಎಂದರೆ ಒಪ್ಪಿಗೆ ಕೇಳಲು ದಾರಿ ಇದೆ ಎಂದೇ ಅರ್ಥ. ಒಪ್ಪಿಗೆ ಯಾರ ಸಹಿಯಲ್ಲಿ ಬರಬೇಕೆಂದೂ ಕೆಲವು ಷರತ್ತುಗಳು ಹೇಳುತ್ತವೆ. ಹಾಗಿದ್ದರೆ ನಿಮ್ಮ ಮೂರನೇ ಹಂತದ ಅರ್ಧ ಕೆಲಸ ಇಲ್ಲೇ ಮುಗಿಯಿತು.

ಇಲ್ಲಿ ಜನ ಎಡವುವುದು ಒಂದು ಕಡೆ. "ಹೆಸರು ಹಾಕದೆ ಬರೆದರೆ ಅನುಮತಿ ಬೇಡ" ಎಂದುಕೊಳ್ಳುತ್ತಾರೆ. ಗೋಪ್ಯತೆಯ ಷರತ್ತು ಕಾಯುವುದು ಮಾಹಿತಿಯನ್ನು. ಹೆಸರು ತೆಗೆದರೂ ಮಾಹಿತಿ ಅವರದೇ. ಅದೂ ಅಲ್ಲದೆ "ಪೀಣ್ಯದಲ್ಲಿ ಇಂಥ ಬಿಡಿಭಾಗ ಮಾಡುವ, 37 ಕಿಲೋವ್ಯಾಟಿನ ಕಂಪ್ರೆಸರ್ ಇರುವ ಘಟಕ" ಎಂದು ಬರೆದರೆ ಆ ಕಸುಬಿನವರಿಗೆ ಅದು ಯಾರ ಶೆಡ್ಡು ಎಂದು ತಿಳಿಯಲು ಎರಡು ನಿಮಿಷ ಸಾಕು.

ಹಂತ 2: ಕೇಳುವ ಹೊತ್ತನ್ನು ಆರಿಸಿ

ಕೊನೆಯ ಬಿಲ್ ಪಾಸಾಗಿ ಹಣ ಬಂದ ಮೇಲೆ ಕೇಳಿ. ಬಿಲ್ ಬಾಕಿ ಇರುವಾಗ ಕೇಳಿದರೆ ಎರಡೂ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಅವರು ಒಪ್ಪಿಗೆಯನ್ನು ರಿಯಾಯಿತಿಗೆ ಬದಲಾಗಿ ಮುಂದಿಡಬಹುದು, ಅಥವಾ ಕೇಸ್ ಸ್ಟಡಿ ಹೆಸರಿನಲ್ಲಿ ನೀವು ಹಣಕ್ಕೆ ಒತ್ತಡ ಹಾಕುತ್ತಿದ್ದೀರೆಂದು ಅವರಿಗೆ ಅನ್ನಿಸಬಹುದು. ಮಾರ್ಚ್ ತಿಂಗಳ ಕೊನೆ, ಅವರ ದೊಡ್ಡ ಗಿರಾಕಿಯ ಆಡಿಟ್ ನಡೆಯುವ ವಾರ, ನಿಮ್ಮ ಕೆಲಸದಲ್ಲೇ ಒಂದು ದೂರು ಬಾಕಿ ಇರುವ ಸಮಯ, ಇವನ್ನೂ ಬಿಡಿ.

ಹಾಗೆಂದು ತೀರಾ ತಡ ಮಾಡಬೇಡಿ. ನಿಮ್ಮ ಜೊತೆ ನಿಂತು ಕೆಲಸ ಮಾಡಿಸಿದ ಮೇಂಟೆನೆನ್ಸ್ ಮ್ಯಾನೇಜರ್ ಬೇರೆ ಕಂಪನಿಗೆ ಹೋದರೆ ಅಲ್ಲಿ ನಿಮ್ಮ ಪರ ಮಾತಾಡುವವರೇ ಇರುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಕೆಲಸ ಮುಗಿದ ಮೇಲೆ ಮೂರು ತಿಂಗಳ ಕರೆಂಟ್ ಬಿಲ್ ನೋಡಿ ಕೇಳುವುದು ಸರಿ. ಸೋರಿಕೆ ಮತ್ತೆ ಶುರುವಾಗಿಲ್ಲ ಎಂಬುದಕ್ಕೆ ಅಷ್ಟು ಸಮಯ ಬೇಕು.

ಹಂತ 3: "ಆಯ್ತು" ಅನ್ನುವ ಅಧಿಕಾರ ಯಾರಿಗಿದೆ ಎಂದು ತಿಳಿಯಿರಿ

ನಾನು ಕಂಡಂತೆ ಅತಿ ಹೆಚ್ಚು ಕೇಸ್ ಸ್ಟಡಿಗಳು ಕೆಡುವುದು ಈ ಹಂತದಲ್ಲಿ. ಮೇಂಟೆನೆನ್ಸ್ ಮ್ಯಾನೇಜರ್ "ಹಾಕ್ರೀ ಪರವಾಗಿಲ್ಲ" ಅನ್ನುತ್ತಾರೆ. ನೀವು ಹಾಕುತ್ತೀರಿ. ಹದಿನೈದು ದಿನಕ್ಕೆ ಪ್ಲಾಂಟ್ ಹೆಡ್ ಕಡೆಯಿಂದ ಫೋನ್ ಬರುತ್ತದೆ. ಬರಹ ತೆಗೆಯುತ್ತೀರಿ, ಆದರೆ ಬೈಸಿಕೊಂಡವರು ಆ ಮ್ಯಾನೇಜರ್. ಮುಂದೆ ಅವರು ನಿಮ್ಮ ಫೋನ್ ಎತ್ತುವುದೂ ಕಷ್ಟ.

ಒಬ್ಬರೇ ಮಾಲೀಕರಿರುವ ಕಂಪನಿಯಾದರೆ ಅವರ ಮಾತೇ ಕೊನೆ. ಪಾಲುದಾರಿಕೆಯ ಸಂಸ್ಥೆಯಾದರೆ ಪಾಲುದಾರರಲ್ಲಿ ಒಬ್ಬರ ಸಹಿ ಬೇಕು, ಆದರೆ ಉಳಿದವರಿಗೂ ವಿಷಯ ಗೊತ್ತಿರಲಿ. ಪ್ರೈವೇಟ್ ಲಿಮಿಟೆಡ್ ಆದರೆ ಸಾಮಾನ್ಯವಾಗಿ ನಿರ್ದೇಶಕರು ಅಥವಾ ಅವರು ಅಧಿಕಾರ ಕೊಟ್ಟವರು. ದೊಡ್ಡ ಕಂಪನಿಯಾದರೆ ಲೀಗಲ್ ಮತ್ತು ಕಮ್ಯುನಿಕೇಶನ್ಸ್ ಎರಡೂ ವಿಭಾಗಗಳನ್ನು ದಾಟಬೇಕು, ವಾರಗಟ್ಟಲೆ ಹಿಡಿಯುತ್ತದೆ. ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳು ಇನ್ನೂ ಬಿಗಿ. ಷೇರಿನ ಬೆಲೆ ಏರಿಳಿಸಬಲ್ಲ, ಇನ್ನೂ ಬಹಿರಂಗವಾಗದ ಮಾಹಿತಿ ಹೊರಹೋಗದಂತೆ ಅವು ಸೆಬಿಯ 2015ರ ನಿಯಮಗಳಡಿ ನೋಡಿಕೊಳ್ಳಬೇಕು. ನಿಮ್ಮ ಬರಹದಲ್ಲಿ "ಹೊಸ ಘಟಕ ಶುರು ಮಾಡುವ ಮುಂಚೆ" ಎಂಬ ಅರ್ಧ ಸಾಲು ಇದ್ದರೂ ಅವರು ತಡೆಯಬಹುದು.

ಇದೆಲ್ಲ ತಿಳಿದ ಮೇಲೂ ನೇರ ಮೇಲಿನವರಿಗೆ ಬರೆಯಬೇಡಿ. ನಿಮ್ಮ ಪರಿಚಯದವರನ್ನೇ ಕೇಳಿ: "ಸಾರ್, ಇಂಥದ್ದಕ್ಕೆ ನಿಮ್ಮಲ್ಲಿ ಯಾರು ಸಹಿ ಮಾಡ್ತಾರೆ? ನಿಮ್ಮ ಮೂಲಕವೇ ಕಳಿಸ್ತೀನಿ." ಇದರಿಂದ ಅವರ ಮರ್ಯಾದೆಯೂ ಉಳಿಯುತ್ತದೆ, ಒಳಗಿನ ದಾರಿಯೂ ಗೊತ್ತಾಗುತ್ತದೆ.

ಇನ್ನೊಬ್ಬರನ್ನು ಮರೆಯಬಾರದು: ನಿಮ್ಮ ಗ್ರಾಹಕರ ಗ್ರಾಹಕರು. ಪೀಣ್ಯದ ಆ ಫ್ಯಾಕ್ಟರಿ ದೊಡ್ಡ ವಾಹನ ಕಂಪನಿಗೆ ಭಾಗ ಕೊಡುತ್ತದೆ ಎಂದುಕೊಳ್ಳಿ. ಆ ವಾಹನ ಕಂಪನಿಯ ಜೊತೆ ಇವರದೂ ಒಂದು ಎನ್‌ಡಿಎ ಇರುತ್ತದೆ. ವಾಹನ ಕಂಪನಿಯ ಹೆಸರು, ಭಾಗದ ನಂಬರ್, ತಿಂಗಳ ಉತ್ಪಾದನೆ, ಇವುಗಳ ಬಗ್ಗೆ ಒಪ್ಪಿಗೆ ಕೊಡುವ ಹಕ್ಕು ನಿಮ್ಮ ಗ್ರಾಹಕರಿಗೂ ಇರದಿರಬಹುದು. ಆದ್ದರಿಂದ ಇವನ್ನು ಬರಹಕ್ಕೆ ಸೇರಿಸಲೇಬೇಡಿ. ಓದುಗನಿಗೂ ಅದರಿಂದ ಏನೂ ಉಪಯೋಗವಿಲ್ಲ.

ಹಂತ 4: ಮೊದಲು ಬಾಯಲ್ಲಿ, ಆಮೇಲೆ ಬರಹದಲ್ಲಿ ಕೇಳಿ

ಮೊದಲ ಮಾತು ಫೋನಿನಲ್ಲೋ ಮುಖಾಮುಖಿಯೋ ಆಗಲಿ. ಏಕಾಏಕಿ ಮೇಲ್ ಹೋದರೆ ಅದು ಲೀಗಲ್ ವಿಭಾಗಕ್ಕೆ ದಾಟುತ್ತದೆ, ಅಲ್ಲಿ "ಬೇಡ" ಅನ್ನುವುದು ಎಲ್ಲಕ್ಕಿಂತ ಸುಲಭ. ಬಾಯಲ್ಲಿ ಕೇಳಿ ತಾತ್ವಿಕವಾಗಿ ಒಪ್ಪಿದ ಮೇಲೆ ಅದೇ ದಿನ ಒಂದು ಮೇಲ್ ಕಳಿಸಿ.

ಆ ಮೇಲಿನಲ್ಲಿ ಬರೀ "ಅನುಮತಿ ಕೊಡಿ" ಎಂದು ಕೇಳಿದರೆ ಉತ್ತರ ಹೌದು ಅಥವಾ ಇಲ್ಲ ಎಂದಷ್ಟೇ ಬರುತ್ತದೆ. ಮೂರು ಮೆಟ್ಟಿಲು ಕೊಟ್ಟು ಯಾವುದಾದೀತು ಎಂದು ಕೇಳಿ. ಕೊನೆಯ ಮೆಟ್ಟಿಲಿಗಾದರೂ ಒಪ್ಪುವವರು ಬಹಳ ಮಂದಿ. ಹೀಗೆ ಬರೆಯಬಹುದು:

> ಸಾರ್, ನಮಸ್ಕಾರ. ನಿಮ್ಮ ಘಟಕದಲ್ಲಿ ನಾವು ಮಾಡಿದ ಗಾಳಿ ಸೋರಿಕೆ ಕೆಲಸದ ಬಗ್ಗೆ ಎರಡು ಪುಟದ ಕೇಸ್ ಸ್ಟಡಿ ಬರೆದು ನಮ್ಮ ವೆಬ್‌ಸೈಟಿನಲ್ಲಿ ಮತ್ತು ಬ್ರೋಷರಿನಲ್ಲಿ ಹಾಕಬೇಕೆಂದಿದ್ದೇವೆ. ನಿಮಗೆ ಇವುಗಳಲ್ಲಿ ಯಾವುದು ಒಪ್ಪಿಗೆ ಎಂದು ತಿಳಿಸಿ:
> (ಅ) ಕಂಪನಿ ಹೆಸರು, ಲೋಗೊ, ಸೋರಿಕೆಯ ಅಂಕಿ ಎಲ್ಲವೂ;
> (ಆ) ಹೆಸರು ಮಾತ್ರ, ಅಂಕಿಗಳಿಲ್ಲದೆ;
> (ಇ) ಹೆಸರಿಲ್ಲದೆ, "ಬೆಂಗಳೂರಿನ ಒಂದು ಎಂಜಿನಿಯರಿಂಗ್ ಘಟಕ" ಎಂದು, ಶೇಕಡಾವಾರು ಅಂಕಿಗಳೊಂದಿಗೆ.
> ನಿಮ್ಮ ಗಿರಾಕಿಗಳ ಹೆಸರು, ಉತ್ಪಾದನೆಯ ಪ್ರಮಾಣ, ರೂಪಾಯಿ ಲೆಕ್ಕ ಯಾವುದೂ ಇರುವುದಿಲ್ಲ. ಕರಡನ್ನು ನೀವು ಓದಿ ಒಪ್ಪುವ ತನಕ ಏನೂ ಪ್ರಕಟವಾಗುವುದಿಲ್ಲ.

ಪತ್ರ ವ್ಯವಹಾರ ಇಂಗ್ಲಿಷಿನಲ್ಲಿ ನಡೆಯುವ ಕಂಪನಿಯಾದರೆ ಇದನ್ನೇ ಇಂಗ್ಲಿಷಿಗೆ ತಿರುಗಿಸಿ. ಕೊನೆಯ ಎರಡು ವಾಕ್ಯಗಳನ್ನು ಮಾತ್ರ ಬಿಡಬೇಡಿ, ಅವರ ಅಳುಕು ಇಳಿಯುವುದು ಅಲ್ಲೇ.

ರೂಪಾಯಿ ಲೆಕ್ಕ ಬೇಡ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ವಾಹನ ಕಂಪನಿಗಳು ತಮಗೆ ಭಾಗ ಕೊಡುವವರನ್ನು ಕಾಲಕಾಲಕ್ಕೆ ಬೆಲೆ ಇಳಿಸಲು ಕೇಳುತ್ತವೆ. "ಈ ಘಟಕ ವರ್ಷಕ್ಕೆ ಇಷ್ಟು ಲಕ್ಷ ಉಳಿಸಿತು" ಎಂದು ನೀವು ಪ್ರಕಟಿಸಿದರೆ ಮುಂದಿನ ಮಾತುಕತೆಯಲ್ಲಿ ಆ ಕಾಗದವೇ ನಿಮ್ಮ ಗ್ರಾಹಕರ ಮುಂದೆ ಬಂದು ಕೂರಬಹುದು: "ಉಳಿತಾಯದಲ್ಲಿ ನಮ್ಮ ಪಾಲೆಲ್ಲಿ?" ಉಳಿಸಿದವರಿಗೇ ನಷ್ಟ. ಇಷ್ಟು ನಿಮಗೆ ಅರ್ಥವಾಗಿದೆ ಎಂದು ಕಂಡರೆ ಮಾಲೀಕರು ನಿಮ್ಮ ಮೇಲಿಡುವ ನಂಬಿಕೆಯೇ ಬೇರೆ.

ಹಂತ 5: ಕರಡು ಬರೆಯಿರಿ, ಅಂಕಿಯನ್ನು ಎರಡು ಸಲ ನೋಡಿ

ಒಪ್ಪಿಗೆಗೆ ಕಳಿಸುವ ಕರಡು ಪೂರ್ಣವಾಗಿರಬೇಕು. ತಲೆಬರಹ, ಫೋಟೊ, ಫೋಟೊದ ಕೆಳಗಿನ ಸಾಲು ಎಲ್ಲವೂ ಪ್ರಕಟವಾಗುವ ರೂಪದಲ್ಲೇ ಇರಲಿ. "ತಲೆಬರಹ ಆಮೇಲೆ ಹಾಕ್ತೀವಿ" ಎಂದರೆ ಅವರು ಒಪ್ಪದೇ ಇದ್ದ ಸಾಲೊಂದು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ನಿಂತಿರುತ್ತದೆ.

ಅಂಕಿಗೆ ಬರೋಣ. ಭಾನುವಾರ ಯಂತ್ರಗಳೆಲ್ಲ ನಿಂತಿರುವಾಗ ಕಂಪ್ರೆಸರ್ ಓಡಿಸಿ ನೋಡುತ್ತೀರಿ. ಗಾಳಿ ಬಳಸುವವರು ಯಾರೂ ಇಲ್ಲ, ಆದರೂ ಅದು 10 ನಿಮಿಷದಲ್ಲಿ 3 ನಿಮಿಷ ಲೋಡ್ ತೆಗೆದುಕೊಂಡು ಗಾಳಿ ತುಂಬುತ್ತದೆ. ಅಂದರೆ ಸಾಮರ್ಥ್ಯದ ಶೇ. 30ರಷ್ಟು ಸೋರಿಕೆಗೇ ಹೋಗುತ್ತಿದೆ. ಸೋರುವ ಕಪ್ಲಿಂಗ್, ಟ್ಯೂಬ್, ವಾಲ್ವ್ ಸರಿಪಡಿಸಿದ ಮೇಲೆ ಅದೇ ಪರೀಕ್ಷೆಯಲ್ಲಿ 10 ನಿಮಿಷಕ್ಕೆ 1 ನಿಮಿಷ 12 ಸೆಕೆಂಡ್ ಲೋಡ್. ಸೋರಿಕೆ ಶೇ. 12ಕ್ಕೆ ಇಳಿಯಿತು.

ಈಗ "ಶೇ. 60 ಉಳಿತಾಯ!" ಎಂದು ತಲೆಬರಹ ಕೊಡುವ ಆಸೆಯಾಗುತ್ತದೆ. 30ರಿಂದ 12ಕ್ಕೆ ಇಳಿದದ್ದು ಸೋರಿಕೆಯಲ್ಲಿ ಶೇ. 60ರ ಇಳಿಕೆ, ನಿಜ. ಆದರೆ ಕರೆಂಟಿನಲ್ಲಿ ಅಷ್ಟು ಉಳಿಯುವುದಿಲ್ಲ. ಅನ್‌ಲೋಡ್ ಆಗಿ ಖಾಲಿ ಓಡುವಾಗಲೂ ಈ ಬಗೆಯ ಸ್ಕ್ರೂ ಕಂಪ್ರೆಸರ್ ಪೂರ್ಣ ಲೋಡಿನ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕರೆಂಟ್ ಎಳೆಯುತ್ತದೆ. ಖಾಲಿ ಓಟಕ್ಕೆ 10 ಕಿಲೋವ್ಯಾಟ್ ಎಂದು ಹಿಡಿದರೆ ಆ ಭಾನುವಾರದ ಸರಾಸರಿ ಎಳೆತ ಮೊದಲು ಸುಮಾರು 18 ಕಿಲೋವ್ಯಾಟ್, ನಂತರ ಸುಮಾರು 13. ಉಳಿತಾಯ 5 ಕಿಲೋವ್ಯಾಟ್, ಶೇ. 27ರ ಹತ್ತಿರ. ಅದೂ ಯಂತ್ರ ನಿಂತಿದ್ದಾಗಿನ ಲೆಕ್ಕ, ಇಡೀ ಫ್ಯಾಕ್ಟರಿಯ ಬಿಲ್ಲಿನದ್ದಲ್ಲ.

ಈ ವ್ಯತ್ಯಾಸವನ್ನು ನೀವು ಹಿಡಿಯದಿದ್ದರೆ ಅವರ ಅಕೌಂಟ್ಸ್ ವಿಭಾಗ ಹಿಡಿಯುತ್ತದೆ. ಕರೆಂಟ್ ಬಿಲ್ ಅವರ ಮೇಜಿನ ಮೇಲೇ ಇದೆ. ಒಂದು ಅಂಕಿ ಸುಳ್ಳೆನಿಸಿದರೆ ಇಡೀ ಕರಡು ಅಲ್ಲೇ ನಿಲ್ಲುತ್ತದೆ. "ಉತ್ಪಾದನೆ ಇಲ್ಲದ ದಿನದ ಪರೀಕ್ಷೆಯಲ್ಲಿ ಸೋರಿಕೆ ಕಂಪ್ರೆಸರ್ ಸಾಮರ್ಥ್ಯದ ಶೇ. 30ರಿಂದ ಶೇ. 12ಕ್ಕೆ ಇಳಿಯಿತು" ಎಂದು ಬರೆಯಿರಿ. ಏನನ್ನು ಯಾವಾಗ ಹೇಗೆ ಅಳೆದಿರಿ ಎಂದು ಅದೇ ವಾಕ್ಯದಲ್ಲಿದೆ. ಯಾರೂ ತಕರಾರು ತೆಗೆಯಲಾರರು, ತಿಳಿದ ಓದುಗನಿಗೆ ಇದರಿಂದಲೇ ನಿಮ್ಮ ಮೇಲೆ ಗೌರವ ಹುಟ್ಟುತ್ತದೆ.

ಸಮಸ್ಯೆಯನ್ನು ವಿವರಿಸುವಾಗಲೂ ಜೋಕೆ. "ವರ್ಷಗಟ್ಟಲೆ ಯಾರೂ ಗಮನಿಸಿರಲಿಲ್ಲ" ಎಂದು ಬರೆದರೆ ನಿಮ್ಮ ಪರ ನಿಂತ ಮೇಂಟೆನೆನ್ಸ್ ಮ್ಯಾನೇಜರ್ ತಮ್ಮದೇ ತಪ್ಪಿನ ಪಟ್ಟಿಗೆ ಸಹಿ ಹಾಕಿದಂತಾಗುತ್ತದೆ. "ಲೈನ್ ವಿಸ್ತರಿಸುತ್ತಾ ಹೋದಂತೆ ಜೋಡಣೆಗಳ ಸಂಖ್ಯೆ ಹೆಚ್ಚಿ ಸೋರಿಕೆ ಏರಿತ್ತು" ಎಂಬುದೂ ನಿಜವೇ, ಅದರಿಂದ ಯಾರಿಗೂ ನೋವಿಲ್ಲ.

ಹಂತ 6: ಫೋಟೊಗಳನ್ನು ಬೇರೆಯಾಗಿ ಪರೀಕ್ಷಿಸಿ

ಪ್ರತಿ ಫೋಟೊವನ್ನೂ ದೊಡ್ಡದು ಮಾಡಿ ಮೂಲೆ ಮೂಲೆ ನೋಡಿ. ನೀವು ತೆಗೆದದ್ದು ಸೋರುವ ಕಪ್ಲಿಂಗಿನ ಚಿತ್ರ. ಹಿಂದೆ ಗೋಡೆಯ ಬೋರ್ಡಿನಲ್ಲಿ ಆ ದಿನದ ರಿಜೆಕ್ಷನ್ ಸಂಖ್ಯೆ ಇರಬಹುದು. ಬೆಂಚಿನ ಮೇಲೆ ಗಿರಾಕಿಯ ಡ್ರಾಯಿಂಗ್, ಟ್ರೇಯಲ್ಲಿ ಇನ್ನೂ ಮಾರುಕಟ್ಟೆಗೆ ಬಾರದ ಭಾಗ, ಪಕ್ಕದಲ್ಲಿ ಜಾಬ್ ಕಾರ್ಡ್. ಇನ್ನೊಂದು ಇದೆ, ಅದನ್ನು ಯಾರೂ ಯೋಚಿಸುವುದಿಲ್ಲ: ಸೇಫ್ಟಿ ಶೂ, ಕನ್ನಡಕ ಇಲ್ಲದೆ ನಿಂತ ಕೆಲಸಗಾರ. ಆ ಒಂದು ಚಿತ್ರದಿಂದ ಕಂಪನಿ ಪೇಚಿಗೆ ಸಿಗುತ್ತದೆ. ಇಂಥ ಫೋಟೊಗಳನ್ನು ಮಸುಕು ಮಾಡಿ ಬಳಸುವುದಕ್ಕಿಂತ ಬಿಟ್ಟುಬಿಡುವುದೇ ಕ್ಷೇಮ.

ಫೋಟೊ ಯಾರದು ಎಂಬುದೂ ಪ್ರಶ್ನೆ. ನೀವೇ ತೆಗೆದದ್ದಾದರೆ ಸಾಮಾನ್ಯವಾಗಿ ಹಕ್ಕು ನಿಮ್ಮದು, ಪ್ರಕಟಿಸಲು ಮಾತ್ರ ಅವರ ಒಪ್ಪಿಗೆ ಬೇಕು. ಗ್ರಾಹಕರು ಹಣ ಕೊಟ್ಟು ಫೋಟೋಗ್ರಾಫರನ್ನು ಕರೆಸಿ ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಕಲಮಿನ ಪ್ರಕಾರ ಅದರ ಹಕ್ಕು ಹಣ ಕೊಟ್ಟವರದು. ಅವರು ನಿಮಗೆ ವಾಟ್ಸಾಪಿನಲ್ಲಿ ಕಳಿಸಿದ ಮಾತ್ರಕ್ಕೆ ನಿಮ್ಮದಾಗುವುದಿಲ್ಲ.

ಮುಖ ಕಾಣುವ ಪ್ರತಿ ಕೆಲಸಗಾರರಿಂದಲೂ ಬೇರೆ ಒಪ್ಪಿಗೆ ತೆಗೆದುಕೊಳ್ಳಿ. ಕಂಪನಿ ಒಪ್ಪಿದ್ದು ಕಂಪನಿಯ ವಿಷಯಕ್ಕೆ, ಆ ಮನುಷ್ಯನ ಮುಖಕ್ಕಲ್ಲ. ಹಂತ ಹಂತವಾಗಿ ಜಾರಿಯಾಗುತ್ತಿರುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ಒಪ್ಪಿಗೆ ಸ್ವತಂತ್ರವಾಗಿರಬೇಕು, ಯಾತಕ್ಕೆಂದು ಸ್ಪಷ್ಟವಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆಯಲು ಬರಬೇಕು ಎನ್ನುತ್ತದೆ. ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆಯನ್ನೂ ಕೊಡುತ್ತದೆ. ಕನ್ನಡ ಆ ಪಟ್ಟಿಯಲ್ಲಿದೆ. ಹಾಗಾಗಿ ಫಾರಂ ಕನ್ನಡದಲ್ಲೂ ಇರಲಿ, ಓದಿ ಹೇಳಿ ಸಹಿ ಮಾಡಿಸಿ. ಸೂಪರ್‌ವೈಸರ್ ಪಕ್ಕದಲ್ಲಿ ನಿಂತಿರುವಾಗ ಕೇಳಬೇಡಿ. ಆಗ "ಬೇಡ" ಎನ್ನಲು ಆತನಿಗೆ ಬಾಯಿ ಬರುವುದಿಲ್ಲ.

ಹಂತ 7: ತಿದ್ದುಪಡಿಯ ಸುತ್ತು

ಕರಡನ್ನು ಪಿಡಿಎಫ್ ಮಾಡಿ, ಪ್ರತಿ ಪುಟದ ಅಡಿಯಲ್ಲಿ "ಕರಡು 1" ಎಂದು ತಾರೀಖಿನ ಸಮೇತ ನಮೂದಿಸಿ. ಕಂಪನಿಯೊಳಗೆ ಮೂವರು ಓದಿ ಮೂರು ರೀತಿ ತಿದ್ದಿದರೆ ನೀವು ಕಂಗಾಲಾಗುತ್ತೀರಿ. ಎಲ್ಲರ ತಿದ್ದುಪಡಿಯೂ ಒಬ್ಬರ ಮೂಲಕ ಒಂದೇ ಸಲಕ್ಕೆ ಬರಲಿ ಎಂದು ಮೊದಲೇ ವಿನಂತಿಸಿ. ಎರಡು ಸುತ್ತು ಸಾಕು. ಮೂರನೆಯದಕ್ಕೆ ಹೋಗುತ್ತಿದೆ ಎಂದರೆ ಯಾರಿಗೋ ಮೂಲದಲ್ಲೇ ಇಷ್ಟವಿಲ್ಲ ಎಂದರ್ಥ. ಆಗ ಫೋನ್ ಮಾಡಿ ಕೇಳಿ, ಬೇಕಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ.

ಗ್ರಾಹಕರ ಬಾಯಿಂದ ಒಂದು ಮಾತು ಬೇಕೆಂದಿದ್ದರೆ ಅವರು ನಿಜವಾಗಿ ಆಡಿದ ಮಾತನ್ನೇ ಬರೆದು ಕಳಿಸಿ. ಭಾಷೆ ತಿದ್ದಬಹುದು, ಹೊಗಳಿಕೆ ಸೇರಿಸಬಾರದು. ಅವರು ಆಡದ ಮಾತಿಗೆ ಉದ್ಧರಣ ಚಿಹ್ನೆ ಹಾಕಿ "ಒಪ್ಪಿಕೊಳ್ಳಿ ಸಾರ್" ಎಂದರೆ ಒಪ್ಪಲೂಬಹುದು. ಆದರೆ ನಾಳೆ ಇನ್ನೊಬ್ಬರು ಫೋನ್ ಮಾಡಿ ವಿಚಾರಿಸಿದಾಗ ಅವರ ಬಾಯಲ್ಲಿ ಆ ಮಾತು ಬರುವುದಿಲ್ಲ.

ಉತ್ತರವೇ ಬರದಿದ್ದರೆ? ವಾರಕ್ಕೊಮ್ಮೆಯಂತೆ ಎರಡು ಸಲ ನೆನಪಿಸಿ, ನಂತರ ಒಂದು ತಿಂಗಳು ಬಿಡಿ. "ಏಳು ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿಗೆ ಎಂದು ಭಾವಿಸುತ್ತೇವೆ" ಎಂಬ ಸಾಲನ್ನು ಕೆಲವರು ಮೇಲಿನಲ್ಲಿ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ. ಸುಮ್ಮನಿದ್ದದ್ದನ್ನು ಸಮ್ಮತಿ ಎಂದು ನೀವೊಬ್ಬರೇ ತೀರ್ಮಾನಿಸಿದರೆ ಅದು ಅವರನ್ನು ಕಟ್ಟಿಹಾಕುವುದಿಲ್ಲ, ಸಂಬಂಧ ಮಾತ್ರ ಕೆಡುತ್ತದೆ.

ಹಂತ 8: ಲಿಖಿತ ಒಪ್ಪಿಗೆ

ಅವರ ಲೆಟರ್‌ಹೆಡ್ಡಿನಲ್ಲಿ ಸಹಿ, ಸೀಲು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕಂಪನಿಯ ಅಧಿಕೃತ ಮೇಲ್ ವಿಳಾಸದಿಂದ ಬಂದ ಉತ್ತರವೂ ನಡೆಯುತ್ತದೆ. ವಿದ್ಯುನ್ಮಾನ ರೂಪದಲ್ಲಿದೆ ಎಂಬ ಕಾರಣಕ್ಕೇ ಒಪ್ಪಂದವೊಂದು ಅಸಿಂಧುವಾಗದು ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 10ಎ ಕಲಮು ಹೇಳುತ್ತದೆ. ಹಳೆಯ ಪಿಒ "ಸಹಿ ಮಾಡಿದ ಪತ್ರವೇ ಬೇಕು" ಎಂದಿದ್ದರೆ ಮಾತ್ರ ಪತ್ರವನ್ನೇ ಪಡೆಯಿರಿ. ವಾಟ್ಸಾಪಿನ ಹೆಬ್ಬೆಟ್ಟಿನ ಗುರುತನ್ನು ನಂಬಿ ಕೂರಬೇಡಿ. ಅದು ಯಾವ ಕರಡಿಗೆ ಕೊಟ್ಟದ್ದು ಎಂದು ಆರು ತಿಂಗಳ ಮೇಲೆ ಹೇಳಲು ಯಾರಿಂದಲೂ ಆಗದು.

ಪತ್ರವನ್ನು ನೀವೇ ಬರೆದುಕೊಡಿ. ನಮ್ಮ ಉದಾಹರಣೆಗೆ ಹೀಗಿರಬಹುದು:

> "ಕರಡು 2" ಎಂದು ಗುರುತಿಸಿ ಇದರೊಂದಿಗೆ ಲಗತ್ತಿಸಿರುವ ಕೇಸ್ ಸ್ಟಡಿಯನ್ನು ನಾವು ಓದಿದ್ದೇವೆ. ಅದರಲ್ಲಿರುವ ಪಠ್ಯ, ಅಂಕಿ ಮತ್ತು 3 ಫೋಟೊಗಳನ್ನು ನಿಮ್ಮ ವೆಬ್‌ಸೈಟ್, ಲಿಂಕ್ಡ್‌ಇನ್ ಪುಟ, ಬ್ರೋಷರ್ ಹಾಗೂ ಟೆಂಡರ್ ದಾಖಲೆಗಳಲ್ಲಿ ಇಂದಿನಿಂದ 3 ವರ್ಷ, ಭಾರತದಲ್ಲೂ ಹೊರದೇಶಗಳಲ್ಲೂ, ಶುಲ್ಕವಿಲ್ಲದೆ ಬಳಸಲು ಒಪ್ಪಿಗೆ ಇದೆ. ನಮ್ಮ ಲೋಗೊವನ್ನು ಈ ಕೇಸ್ ಸ್ಟಡಿಯ ಜೊತೆಗೆ ಮಾತ್ರ ಬಳಸಬಹುದು. ಪಠ್ಯ ಬದಲಿಸುವುದಿದ್ದರೆ ಮತ್ತೆ ಒಪ್ಪಿಗೆ ಪಡೆಯಬೇಕು. ನಾವು ಲಿಖಿತವಾಗಿ ಕೇಳಿದ 15 ದಿನದೊಳಗೆ ಆನ್‌ಲೈನ್ ಪ್ರತಿಯನ್ನು ತೆಗೆಯಬೇಕು. ಆಗಲೇ ಅಚ್ಚಾದ ಪ್ರತಿಗಳಿಗೆ ಇದು ಅನ್ವಯಿಸದು.
> ಹೆಸರು, ಹುದ್ದೆ, ಸಹಿ, ತಾರೀಖು

ಅವಧಿ ಮತ್ತು ಪ್ರದೇಶವನ್ನು ಬರೆಯಲೇಬೇಕು. ಅವರ ಹಕ್ಕಿನ ಫೋಟೊ, ಲೋಗೊದ ಚಿತ್ರ ಇಂಥವನ್ನು ಬಳಸಲು ಕೊಡುವ ಪರವಾನಗಿಯಲ್ಲಿ ಅವಧಿ ಹೇಳದಿದ್ದರೆ ಕೃತಿಸ್ವಾಮ್ಯ ಕಾಯಿದೆ ಅದನ್ನು 5 ವರ್ಷ ಎಂದು ಹಿಡಿಯುತ್ತದೆ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ವೆಬ್‌ಸೈಟನ್ನು ದುಬೈಯಲ್ಲೂ ಓದುತ್ತಾರೆ.

ಟೆಂಡರ್ ದಾಖಲೆಯ ಮಾತನ್ನು ಹಲವರು ಬಿಟ್ಟುಬಿಡುತ್ತಾರೆ. ವೆಬ್‌ಸೈಟಿಗೆ ಎಂದು ಪಡೆದ ಒಪ್ಪಿಗೆಯನ್ನು ಟೆಂಡರಿಗೆ ಲಗತ್ತಿಸಿದಾಗ ಅದು ಗ್ರಾಹಕರ ಪ್ರತಿಸ್ಪರ್ಧಿಯ ಖರೀದಿ ವಿಭಾಗಕ್ಕೇ ಹೋಗಿ ಸೇರಬಹುದು. ಎಲ್ಲೆಲ್ಲಿ ಬಳಸುತ್ತೀರೋ ಅಷ್ಟನ್ನೂ ಮೊದಲೇ ಹೇಳಿಬಿಡಿ.

ಹಂತ 9: ಪ್ರಕಟಿಸಿ, ಕಾಗದ ಜೋಪಾನ ಮಾಡಿ

ಸಹಿಯಾದ ಕರಡನ್ನೇ ಅಕ್ಷರ ಬದಲಿಸದೆ ಪ್ರಕಟಿಸಿ. ಪೋಸ್ಟಿಗಾಗಿ ಡಿಸೈನರ್ ಚುಟುಕಾಗಿ ಬರೆದ ಸಾಲೂ ಒಪ್ಪಿಗೆಯ ಹೊರಗೇ ಉಳಿಯುತ್ತದೆ. "ಶೇ. 60 ಉಳಿತಾಯ" ಮತ್ತೆ ನುಸುಳುವುದು ಅಲ್ಲಿಂದಲೇ, ಆದ್ದರಿಂದ ಪೋಸ್ಟಿನ ಸಾಲುಗಳನ್ನೂ ಕರಡಿನ ಜೊತೆಗೇ ಕಳಿಸಿರಬೇಕು. ಪ್ರಕಟವಾದ ದಿನವೇ ಲಿಂಕನ್ನು ಗ್ರಾಹಕರಿಗೆ ಕಳಿಸಿ. ಬೇರೆಯವರ ಬಾಯಿಂದ ಅವರಿಗೆ ತಿಳಿಯಬಾರದು.

ಒಪ್ಪಿಗೆ ಪತ್ರ, ಸಹಿಯಾದ ಕರಡು, ಕೆಲಸಗಾರರ ಫಾರಂಗಳು, ಮೂಲ ರೀಡಿಂಗುಗಳು ಒಂದೇ ಫೋಲ್ಡರಿನಲ್ಲಿರಲಿ. ಎಲ್ಲೆಲ್ಲಿ ಹಾಕಿದ್ದೀರಿ ಎಂಬ ಪಟ್ಟಿಯನ್ನೂ ಅದರಲ್ಲೇ ಇಡಿ. ಅವರು ತೆಗೆಯಲು ಹೇಳಿದ ದಿನ ಈ ಪಟ್ಟಿ ಇಲ್ಲದಿದ್ದರೆ ವೆಬ್‌ಸೈಟಿನಿಂದ ತೆಗೆದು ಲಿಂಕ್ಡ್‌ಇನ್ ಪೋಸ್ಟನ್ನು ಮರೆಯುತ್ತೀರಿ. ಒಪ್ಪಿಗೆ ಮುಗಿಯುವ ತಾರೀಖಿಗೆ ಎರಡು ತಿಂಗಳ ಮುಂಚೆ ಫೋನಿನಲ್ಲಿ ರಿಮೈಂಡರ್ ಹಾಕಿ, ಮುಂದುವರಿಸಲು ಆಗಲೇ ಕೇಳಿ.

ಒಪ್ಪದೇ ಹೋದರೆ

ಕಾರಣ ಕೇಳಿ, ವಾದ ಮಾಡಬೇಡಿ. ಪ್ರಕಟಣೆ ಬೇಡವೆಂದವರು ಬೇರೆ ರೀತಿ ನೆರವಾಗಬಹುದು. ಹೊಸ ಗಿರಾಕಿಯೊಬ್ಬರು ಫೋನ್ ಮಾಡಿ ವಿಚಾರಿಸಿದರೆ ಮಾತಾಡುತ್ತೀರಾ ಎಂದು ಕೇಳಿ. ಬರಹಕ್ಕೆ ಹೆದರುವ ಮಾಲೀಕರು ಫೋನಿನಲ್ಲಿ ಬಿಚ್ಚು ಮನಸ್ಸಿನಿಂದ ಮಾತಾಡುತ್ತಾರೆ. ಪ್ರತಿ ಸಲವೂ ಫೋನ್ ನಂಬರ್ ಕೊಡುವ ಮೊದಲು ಅವರಿಗೆ ಹೇಳಿ, ತಿಂಗಳಿಗೆ ಒಂದಕ್ಕಿಂತ ಹೆಚ್ಚು ಕರೆ ಹೋಗದಂತೆ ನೋಡಿಕೊಳ್ಳಿ.

ಮುಂದಿನ ಕೆಲಸದ ಕೊಟೇಶನ್ನಿನಲ್ಲಿ ಈ ಸಾಲನ್ನು ಸೇರಿಸಿಡಿ: "ಕೆಲಸ ಮುಗಿದ ನಂತರ, ಕರಡಿಗೆ ನಿಮ್ಮ ಲಿಖಿತ ಒಪ್ಪಿಗೆ ಪಡೆದು, ಈ ಕೆಲಸದ ಕೇಸ್ ಸ್ಟಡಿ ಪ್ರಕಟಿಸಲು ಕೋರುತ್ತೇವೆ, ಒಪ್ಪದಿದ್ದರೆ ದರದಲ್ಲಾಗಲಿ ಕೆಲಸದಲ್ಲಾಗಲಿ ವ್ಯತ್ಯಾಸವಿಲ್ಲ." ಇದರಿಂದ ಒಪ್ಪಿಗೆ ಸಿಕ್ಕಂತಾಗುವುದಿಲ್ಲ. ಆದರೆ ಕೆಲಸ ಮುಗಿದ ದಿನ ನಿಮ್ಮ ಕೋರಿಕೆ ಅವರಿಗೆ ಹೊಸದೆನಿಸುವುದಿಲ್ಲ, ಮೊದಲ ದಿನದಿಂದಲೇ ಅಳತೆ ಮತ್ತು ಫೋಟೊ ತೆಗೆದಿಡಲು ನಿಮಗೂ ನೆನಪಿರುತ್ತದೆ.